ಏಳು ಸಾವಿರದ ಕಲಿಕೆಗೆ ಹದಿನಾಲ್ಕು ಸಾವಿರದ ಲೆಕ್ಕ

ಕಾರು ಕಲಿಯಬೇಕೆಂದುಕೊಂಡವರು ಮೊದಲು ಹೋಗಿ ನಿಲ್ಲುವುದು ಹತ್ತಿರದ ಡ್ರೈವಿಂಗ್ ಸ್ಕೂಲ್ ಮುಂದೆ. ಕೇಳುವ ಮೊದಲ ಪ್ರಶ್ನೆ, ‘ಎಷ್ಟಾಗುತ್ತೆ ಸರ್?’ ಕರ್ನಾಟಕದಲ್ಲಿ ಇದಕ್ಕೆ ಸರ್ಕಾರವೇ ಗೊತ್ತುಮಾಡಿದ ಒಂದು ಉತ್ತರವಿದೆ. 2024ರ ಜನವರಿ 1ರಿಂದ ಕಾರು ತರಬೇತಿಯ ದರ 7,000 ರೂಪಾಯಿ. ಅದಕ್ಕೆ ಮೊದಲು 4,000 ಇತ್ತು. ಲೈಸೆನ್ಸ್ ಶುಲ್ಕ ಇದರಲ್ಲಿ ಸೇರಿಲ್ಲ.

ಈ 7,000ವನ್ನೇ ಪೂರ್ತಿ ಖರ್ಚು ಎಂದುಕೊಂಡು ಹೊರಟವರಿಗೆ ಮೂರು ತಿಂಗಳು ಕಳೆಯುವ ಹೊತ್ತಿಗೆ ಜೇಬಿನಿಂದ ಅದರ ಎರಡು ಪಟ್ಟು ಹೋಗಿರುವುದು ಗೊತ್ತಾಗುತ್ತದೆ. ಯಾರೋ ಮೋಸ ಮಾಡಿದರು ಅಂತಲ್ಲ. ಲೈಸೆನ್ಸಿಗೆ ಒಂದಿಷ್ಟು, ಪರೀಕ್ಷೆಯ ದಿನದ ಕಾರಿಗೆ ಒಂದಿಷ್ಟು, ಮನೆಯ ಕಾರಿನಲ್ಲಿ ಕೈ ಪಳಗಿಸಿಕೊಳ್ಳಲು ಪೆಟ್ರೋಲ್, ಗೇಟಿಗೆ ತಾಗಿಸಿಕೊಂಡ ಬಂಪರ್ ರಿಪೇರಿ, ಹೀಗೆ ದುಡ್ಡು ಚಿಲ್ಲರೆಯಾಗಿ ಹೋಗುವುದರಿಂದ ಲೆಕ್ಕಕ್ಕೆ ಸಿಗುವುದಿಲ್ಲ. ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದುಕೊಂಡರೆ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದು ತಾನಾಗಿ ಕಾಣುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರಿನಲ್ಲಿ ಕೆಲಸ ಮಾಡುವ 26 ವರ್ಷದ ಯುವತಿ. ಇದುವರೆಗೆ ಯಾವ ಲೈಸೆನ್ಸೂ ಇಲ್ಲ. ಮನೆಯಲ್ಲಿ ಅಪ್ಪನ ಹಳೆಯ ಸಣ್ಣ ಪೆಟ್ರೋಲ್ ಕಾರಿದೆ. ಅಪ್ಪನಿಗೆ ಡಿಎಲ್ ಇದೆ, ಭಾನುವಾರ ಪಕ್ಕದಲ್ಲಿ ಕೂರುವ ತಾಳ್ಮೆಯೂ ಇದೆ.

ಸರ್ಕಾರಕ್ಕೆ ಕಟ್ಟುವ ಹಣ

ಇಡೀ ಲೆಕ್ಕದ ಸಣ್ಣ ಬಾಬತ್ತುಗಳಲ್ಲಿ ಇದೂ ಒಂದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಎಲ್‌ಎಲ್‌ಆರ್‌ಗೆ ಪ್ರತಿ ವಾಹನ ವರ್ಗಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50. ಕಾರಿಗೆ ಮಾತ್ರ ಮಾಡಿಸಿದರೆ 200 ಆಯಿತು. ಮುಂದೆ ಡಿಎಲ್‌ಗೆ ಚಾಲನಾ ಪರೀಕ್ಷೆಯ ಶುಲ್ಕ 300, ಲೈಸೆನ್ಸ್ ಕೊಡಲು 200, ಸ್ಮಾರ್ಟ್ ಕಾರ್ಡಿಗೆ 200, ಒಟ್ಟು 700. ಎರಡೂ ಸೇರಿ 900 ರೂಪಾಯಿ.

ಗೇರ್ ಇರುವ ಬೈಕಿಗೂ ಒಟ್ಟಿಗೇ ಅರ್ಜಿ ಹಾಕಿದರೆ ಎಲ್‌ಎಲ್‌ಆರ್‌ಗೆ 350, ಡಿಎಲ್‌ಗೆ 1,000, ಅಂದರೆ 1,350 ಆಗುತ್ತದೆ. ಈಗ ಕಾರಿಗೆ ಮಾತ್ರ ಮಾಡಿಸಿ ಮುಂದೊಂದು ದಿನ ಬೈಕ್ ಸೇರಿಸಲು ಹೋದರೆ, ವರ್ಗ ಸೇರ್ಪಡೆಗೇ 500 ರೂಪಾಯಿ ಬೇರೆ ಬೀಳುತ್ತದೆ. ಎರಡನ್ನೂ ಓಡಿಸುವ ಯೋಚನೆ ಇದ್ದರೆ ಒಂದೇ ಅರ್ಜಿಯಲ್ಲಿ ಮುಗಿಸುವುದು ಲಾಭ.

ಆಧಾರ್ ಇದ್ದವರು ಸಾರಥಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಎಲ್‌ಎಲ್‌ಆರ್ ಪರೀಕ್ಷೆ ಬರೆಯಬಹುದು. ಕಂಪ್ಯೂಟರ್ ಕೈಗೆ ಹತ್ತದವರು ಸೈಬರ್ ಸೆಂಟರಿನವನಿಗೆ ನೂರಿನ್ನೂರು ಕೊಡಬೇಕಾಗುತ್ತದೆ. 40 ವರ್ಷ ದಾಟಿದವರಾದರೆ ನೋಂದಾಯಿತ ವೈದ್ಯರಿಂದ ಫಾರಂ 1ಎ ಮಾಡಿಸಬೇಕು, ಅದಕ್ಕೆ ವೈದ್ಯರ ಫೀಸು. ನಮ್ಮ ಯುವತಿಗೆ ಇದು ಬೇಡ. ಸೈಬರ್, ಜೆರಾಕ್ಸ್, ಎಲ್ ಸ್ಟಿಕರ್ ಎಲ್ಲ ಸೇರಿ ಅವಳ ಲೆಕ್ಕಕ್ಕೆ 200 ಹಾಕೋಣ.

ಈ ಅಂಕಿ ಗೊತ್ತಿದ್ದರೆ ‘ಡಿಎಲ್ ಸೇರಿ ಇಷ್ಟು’ ಎಂಬ ಪ್ಯಾಕೇಜನ್ನು ಬಿಡಿಸಿ ನೋಡುವುದು ಸುಲಭ. ಸ್ಕೂಲಿನವರು ತರಬೇತಿಯೂ ಕಾರಿನ ಡಿಎಲ್ಲೂ ಸೇರಿ 9,500 ಎಂದರೆ, ಅದರಲ್ಲಿ 7,000 ತರಬೇತಿಗೆ, 900 ಸರ್ಕಾರಕ್ಕೆ. ಉಳಿದ 1,600 ಯಾವುದಕ್ಕೆ ಎಂದು ಕೇಳಿ. ಪರೀಕ್ಷೆಯ ದಿನ ಕಾರು ಕೊಡುವುದಕ್ಕೆ, ಅರ್ಜಿ ತುಂಬಿಸುವುದಕ್ಕೆ ಎಂದು ಉತ್ತರ ಬಂದರೆ ಅದು ಒಪ್ಪುವ ಮಾತು. ಉತ್ತರ ಹಾರಿಕೆಯದಾದರೆ ಅರ್ಜಿಯನ್ನು ನೀವೇ ಹಾಕಿಕೊಳ್ಳುವುದು ಮೇಲು.

ಕ್ಲಾಸಿನ ಲೆಕ್ಕ ಬೇಡ, ಗಂಟೆಯ ಲೆಕ್ಕ ಕೇಳಿ

ಸ್ಕೂಲ್‌ಗಳು ತರಬೇತಿಯನ್ನು ಕ್ಲಾಸ್ ಲೆಕ್ಕದಲ್ಲಿ ಮಾರುತ್ತವೆ. ಇಪ್ಪತ್ತು ಕ್ಲಾಸ್, ಹದಿನೈದು ಕ್ಲಾಸ್, ದಿನಕ್ಕೆ ಐದು ಕಿಲೋಮೀಟರ್, ಹೀಗೆ. ಆದರೆ ಕಾನೂನು ಮಾತಾಡುವುದು ಗಂಟೆಯ ಲೆಕ್ಕದಲ್ಲಿ. ಸ್ವಂತ ಬಳಕೆಯ ವಾಹನಕ್ಕೆ ತರಬೇತಿ ಕನಿಷ್ಠ 21 ದಿನ ಇರಬೇಕು, ಅದರಲ್ಲಿ ಕಲಿಯುವವರು ನಿಜವಾಗಿ ವಾಹನ ಓಡಿಸಿದ ಸಮಯ 10 ಗಂಟೆಗೆ ಕಡಿಮೆ ಇರಬಾರದು ಎನ್ನುತ್ತದೆ ನಿಯಮ.

ಅರ್ಧ ಗಂಟೆಯ ಇಪ್ಪತ್ತು ಕ್ಲಾಸ್ ಎಂದರೆ ಸರಿಯಾಗಿ 10 ಗಂಟೆ. 7,000 ರೂಪಾಯಿಗೆ ಭಾಗಿಸಿದರೆ ಗಂಟೆಗೆ 700. ಆದರೆ ಬೆಳಗಿನ ಹೊತ್ತು ಈ ಕಾರುಗಳನ್ನು ಗಮನಿಸಿ. ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಕೂತಿರುತ್ತಾರೆ. ಒಬ್ಬರನ್ನು ಮನೆಯ ಹತ್ತಿರ ಇಳಿಸಿ ಇನ್ನೊಬ್ಬರನ್ನು ಹತ್ತಿಸಿಕೊಂಡು ಸೀಟು ಬದಲಿಸುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಅರ್ಧ ಗಂಟೆಯ ಕ್ಲಾಸಿನಲ್ಲಿ ಸ್ಟೀರಿಂಗ್ ಕೈಗೆ ಸಿಕ್ಕಿದ್ದು 20 ನಿಮಿಷವಾದರೆ, ಇಪ್ಪತ್ತು ಕ್ಲಾಸಿಗೆ ಸಿಕ್ಕಿದ್ದು 6 ಗಂಟೆ 40 ನಿಮಿಷ. ಆಗ ಅದೇ 7,000ದ ತರಬೇತಿ ಗಂಟೆಗೆ 1,050 ರೂಪಾಯಿಗೆ ಏರಿತು. ಪಕ್ಕದ ಬೀದಿಯ ಸ್ಕೂಲಿನವರು 4,500ಕ್ಕೇ ಕಲಿಸುತ್ತಾರೆ ಎಂದುಕೊಳ್ಳಿ. ಅಲ್ಲಿ 20 ನಿಮಿಷದ ಹದಿನೈದು ಕ್ಲಾಸ್ ಆದರೆ ಒಟ್ಟು 5 ಗಂಟೆ, ಗಂಟೆಗೆ 900. ಬೋರ್ಡಿನ ಮೇಲೆ ಅಗ್ಗವಾಗಿ ಕಂಡದ್ದು 10 ಗಂಟೆ ಪೂರ್ತಿ ಕೊಡುವ 7,000ದ ಸ್ಕೂಲಿಗಿಂತ ದುಬಾರಿ.

ಇದನ್ನು ಅಳೆಯಲು ದಾಖಲೆಯೂ ಇದೆ. ಪ್ರತಿ ಡ್ರೈವಿಂಗ್ ಸ್ಕೂಲ್ ಫಾರಂ 15ರಲ್ಲಿ ಯಾವ ದಿನ ಯಾವ ಅಭ್ಯರ್ಥಿ ಎಷ್ಟು ಹೊತ್ತು ಓಡಿಸಿದರು ಎಂದು ಬರೆದಿಡಬೇಕು. ಹಲವರು ಕೊನೆಯ ದಿನ ಎಲ್ಲ ಸಾಲಿಗೂ ಒಟ್ಟಿಗೆ ರುಜು ಹಾಕಿಬಿಡುತ್ತಾರೆ. ಹಾಗೆ ಮಾಡದೆ ಪ್ರತಿದಿನ ಸ್ಟೀರಿಂಗ್ ಹಿಡಿದಾಗ ಮತ್ತು ಬಿಟ್ಟಾಗ ಮೊಬೈಲಿನಲ್ಲಿ ಸಮಯ ಬರೆದಿಟ್ಟುಕೊಳ್ಳಿ. ವಾರದ ಕೊನೆಗೆ ಕೂಡಿಸಿ, ಕಡಿಮೆ ಬಿದ್ದದ್ದನ್ನು ಆಗಲೇ ಕೇಳಿ. ಇಪ್ಪತ್ತನೇ ದಿನ ಕೇಳಿದರೆ ‘ಎರಡು ಕ್ಲಾಸ್ ಎಕ್ಸ್ಟ್ರಾ ಕೊಡೋಣ ಬಿಡಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇನ್ನೊಂದು ಸಂಗತಿ ಗಡಿಯಾರಕ್ಕೆ ಸಿಗುವುದಿಲ್ಲ. ತರಬೇತಿ ಕಾರಿನಲ್ಲಿ ಮೇಷ್ಟ್ರ ಕಾಲಡಿಯಲ್ಲೂ ಬ್ರೇಕ್ ಮತ್ತು ಕ್ಲಚ್ ಇರುತ್ತವೆ. ಸುರಕ್ಷತೆಗೆ ಅದು ಬೇಕೇ ಬೇಕು. ಆದರೆ ಟ್ರಾಫಿಕ್ಕಿನಲ್ಲಿ ಕಾರು ಆಫ್ ಆಗದಿರಲೆಂದು ಅವರು ತಮ್ಮ ಕಡೆಯ ಕ್ಲಚ್ಚನ್ನು ಮೆಲ್ಲಗೆ ಒತ್ತಿಕೊಂಡೇ ಇರುತ್ತಾರೆ. ‘ಕ್ಲಚ್ ನಿಧಾನ ಬಿಡಮ್ಮಾ, ಹಾಂ, ಹೋಯ್ತು ನೋಡು’ ಎನ್ನುವಾಗ ಕಾರನ್ನು ಮುಂದೆ ಹೊರಡಿಸಿದ್ದು ಅರ್ಧ ಇವಳ ಕಾಲು, ಅರ್ಧ ಅವರ ಕಾಲು. ಇದನ್ನು ಕಂಡುಹಿಡಿಯುವುದು ಸುಲಭ. ನೀವು ಕ್ಲಚ್ಚನ್ನು ಪೂರ್ತಿ ಬಿಡುವ ಮೊದಲೇ ನಿಮ್ಮ ಕಾಲಡಿಯ ಪೆಡಲ್ ತಾನಾಗಿ ಕೆಳಗೆ ಇಳಿದಂತಾದರೆ, ಅಥವಾ ಸರಕ್ಕನೆ ಕಾಲು ತೆಗೆದರೂ ಕಾರು ಜರ್ಕ್ ಹೊಡೆಯದಿದ್ದರೆ, ಮೇಷ್ಟ್ರು ನೆರವಾಗುತ್ತಿದ್ದಾರೆ ಎಂದೇ ಅರ್ಥ. ಹತ್ತನೇ ಕ್ಲಾಸಿನ ಹೊತ್ತಿಗೆ ‘ಸರ್, ಇವತ್ತು ನೀವು ಕ್ಲಚ್ ಮುಟ್ಟಬೇಡಿ, ಆಫ್ ಆದರೆ ಆಗಲಿ’ ಎಂದು ಹೇಳಿಬಿಡಿ. ಅಂದು ಹತ್ತು ಸಲ ಆಫ್ ಆಗಬಹುದು. ಅದು ಅವರ ಕಾರಿನಲ್ಲಿ, ಅವರ ಪೆಟ್ರೋಲಿನಲ್ಲಿ ಆಗುವುದೇ ಒಳ್ಳೆಯದು. ಇಲ್ಲವಾದರೆ ಇದೇ ಪಾಠವನ್ನು ಮನೆಯ ಕಾರಿನ ಕ್ಲಚ್ ಪ್ಲೇಟ್ ಸವೆಸಿ ಕಲಿಯಬೇಕು.

ಹತ್ತು ಗಂಟೆ ಸಾಲದು ಎನ್ನುವುದಕ್ಕೆ ಸರ್ಕಾರದ್ದೇ ಪುರಾವೆ

2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಕೇಂದ್ರ ಸರ್ಕಾರ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ ಎಂಬ ಹೊಸ ವ್ಯವಸ್ಥೆ ತಂದಿತು. ಅಲ್ಲಿ ತೇರ್ಗಡೆಯಾದವರಿಗೆ ಆರ್‌ಟಿಒದಲ್ಲಿ ಮತ್ತೆ ಚಾಲನಾ ಪರೀಕ್ಷೆ ಇರುವುದಿಲ್ಲ. ಅಂಥ ಕೇಂದ್ರದಲ್ಲಿ ಕಾರಿನ ಕೋರ್ಸ್ 29 ಗಂಟೆಯದು. 8 ಗಂಟೆ ಪಾಠ, 21 ಗಂಟೆ ಪ್ರಾಯೋಗಿಕ ತರಬೇತಿ. ಊರ ರಸ್ತೆ, ಹಳ್ಳಿ ರಸ್ತೆ, ಹೆದ್ದಾರಿ, ರಿವರ್ಸ್, ಪಾರ್ಕಿಂಗ್, ಏರು ಇಳುಕಲು ಎಲ್ಲವೂ ಆ 21ರಲ್ಲಿ ಬರುತ್ತವೆ.

ಮಾಮೂಲಿ ಸ್ಕೂಲಿನ 10 ಗಂಟೆಗೂ ಈ 21 ಗಂಟೆಗೂ ನಡುವಿನ ಅಂತರವನ್ನು ನಾವೇ ತುಂಬಿಕೊಳ್ಳಬೇಕು. ಸ್ಕೂಲಿನಲ್ಲಿ ಸಾಮಾನ್ಯವಾಗಿ ಅಷ್ಟಾಗಿ ಸಿಗದ ರಿವರ್ಸ್, ಇಕ್ಕಟ್ಟಿನ ಪಾರ್ಕಿಂಗ್, ಏರಿನಲ್ಲಿ ನಿಲ್ಲಿಸಿ ಹೊರಡುವುದು, ರಾತ್ರಿ ಮತ್ತು ಮಳೆಯಲ್ಲಿ ಓಡಿಸುವುದು ಇವುಗಳಿಗಾಗಿ ನಮ್ಮ ಯುವತಿಗೆ 16 ಗಂಟೆಯ ಅಭ್ಯಾಸ ಹಾಕೋಣ. ವಾರಕ್ಕೆರಡು ಗಂಟೆಯಂತೆ ಎಂಟು ವಾರ.

ಅಭ್ಯಾಸದ ಪೆಟ್ರೋಲ್

ಇಲ್ಲಿ ಹಲವರು ಕಂಪನಿ ಹೇಳಿದ ಮೈಲೇಜ್ ಇಟ್ಟುಕೊಂಡು ಲೆಕ್ಕ ಹಾಕಿ ಸೋಲುತ್ತಾರೆ. ಲೀಟರಿಗೆ 20 ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ ಎಂದು ಹೆಸರಾದ ಸಣ್ಣ ಕಾರು ಕಲಿಯುವವರ ಕೈಯಲ್ಲಿ 10ರಿಂದ 12 ಕೊಟ್ಟರೆ ಹೆಚ್ಚು. ಮೊದಲ, ಎರಡನೇ ಗೇರಿನಲ್ಲೇ ಬಹಳ ಹೊತ್ತು ಎಳೆಯುವುದು, ಆಫ್ ಆದೀತೆಂಬ ಭಯಕ್ಕೆ ಆಕ್ಸಿಲರೇಟರ್ ಹೆಚ್ಚು ಒತ್ತಿ ಹಾಫ್ ಕ್ಲಚ್ಚಿನಲ್ಲಿ ಸಾಗುವುದು, ಮೇಲಿಂದ ಮೇಲೆ ಬ್ರೇಕ್ ಹಾಕುವುದು, ಮೂರೂ ಪೆಟ್ರೋಲ್ ಕುಡಿಯುವ ಅಭ್ಯಾಸಗಳು. ಪಾರ್ಕಿಂಗ್ ಕಲಿಯುವಾಗಲಂತೂ ಕಿಲೋಮೀಟರ್ ಲೆಕ್ಕ ಕೆಲಸಕ್ಕೇ ಬರುವುದಿಲ್ಲ. ಮೈದಾನದಲ್ಲಿ ಒಂದು ಗಂಟೆ ಹಿಂದೆ ಮುಂದೆ ಮಾಡಿದರೆ ಮೀಟರಿನಲ್ಲಿ ಒಂದೆರಡು ಕಿಲೋಮೀಟರ್ ಏರಿರುತ್ತದೆ, ಎ.ಸಿ. ಹಾಕಿದ್ದರೆ ಟ್ಯಾಂಕಿನಲ್ಲಿ ಲೀಟರ್ ಹತ್ತಿರ ಇಳಿದಿರುತ್ತದೆ.

ಹಾಗಾಗಿ 16 ಗಂಟೆಯನ್ನು ಎರಡು ಭಾಗ ಮಾಡೋಣ. 12 ಗಂಟೆ ರಸ್ತೆಯಲ್ಲಿ, ಸರಾಸರಿ ಗಂಟೆಗೆ 20 ಕಿಲೋಮೀಟರಿನಂತೆ 240 ಕಿಲೋಮೀಟರ್. ಲೀಟರಿಗೆ 12ರ ಲೆಕ್ಕದಲ್ಲಿ 20 ಲೀಟರ್. ಇನ್ನು 4 ಗಂಟೆ ಪಾರ್ಕಿಂಗ್ ಮತ್ತು ರಿವರ್ಸ್, ಗಂಟೆಗೊಂದು ಲೀಟರಿನಂತೆ 4. ಒಟ್ಟು 24 ಲೀಟರ್. 2024ರ ಜೂನ್‌ನಲ್ಲಿ ರಾಜ್ಯದ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ 103ರ ಆಸುಪಾಸಿಗೆ ಬಂತು. ಆ ದರ ಹಿಡಿದರೆ 2,472, ಸುಮಾರು 2,500 ರೂಪಾಯಿ. ನಿಮ್ಮ ಊರಿನ ಇಂದಿನ ದರದಿಂದ 24ನ್ನು ಗುಣಿಸಿಕೊಂಡರಾಯಿತು.

ಅಂದರೆ ಮನೆಯ ಕಾರಿನಲ್ಲಿ ಒಂದು ಗಂಟೆಯ ಅಭ್ಯಾಸಕ್ಕೆ ಬಿದ್ದ ಪೆಟ್ರೋಲ್ 155 ರೂಪಾಯಿ. ಸ್ಕೂಲಿನ ಗಂಟೆಗೆ 700. ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಕಲಿಸಿ ಅತಿ ಕಡಿಮೆ ತಿನ್ನುವ ಬಾಬತ್ತು ಇದು. ಪೆಟ್ರೋಲ್ ದುಬಾರಿ ಎಂದು ಅಭ್ಯಾಸ ಕಡಿಮೆ ಮಾಡಿ, ಆಮೇಲೆ ‘ರಿಫ್ರೆಶರ್ ಕ್ಲಾಸ್’ ಎಂದು ಮತ್ತೆ ಸ್ಕೂಲಿಗೆ ಸಾವಿರಗಟ್ಟಲೆ ಕಟ್ಟುವುದು ಬಹಳ ಮಂದಿ ಮಾಡುವ ಲುಕ್ಸಾನಿನ ವ್ಯವಹಾರ.

ತಾಗಿಸಿಕೊಂಡರೆ?

ಅಭ್ಯಾಸದ ಗಂಟೆ ಅಗ್ಗವಾಗಿ ಕಾಣುವುದು ಯಾವುದಕ್ಕೂ ತಾಗದವರೆಗೆ ಮಾತ್ರ. ಸ್ವಂತ ಕಾರಿನಲ್ಲಿ ಕಲಿಯುವವರು ಒಂದು ಗೀರನ್ನಾದರೂ ಬಜೆಟ್ಟಿಗೆ ಹಾಕಿಕೊಳ್ಳಬೇಕು. ಸಣ್ಣ ಕಾರಿನ ಒಂದು ಬಂಪರಿಗೋ ಡೋರಿಗೋ ಟಿಂಕರಿಂಗ್, ಪೇಂಟಿಂಗ್ ಸೇರಿ 3,000 ಎಂದಿಟ್ಟುಕೊಳ್ಳೋಣ.

ಇನ್ಶೂರೆನ್ಸ್ ಇದೆಯಲ್ಲ ಎನ್ನಬಹುದು. ಎಲ್‌ಎಲ್‌ಆರ್ ಇರುವವರು ಓಡಿಸಿದಾಗಲೂ ಖಾಸಗಿ ಕಾರಿನ ಪಾಲಿಸಿ ಅನ್ವಯಿಸುತ್ತದೆ ನಿಜ, ಆದರೆ ಒಂದು ಷರತ್ತಿದೆ. ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ಪಾಲಿಸಿರಬೇಕು. ಡಿಎಲ್ ಇರುವವರೊಬ್ಬರು ಪಕ್ಕದಲ್ಲಿ, ಬೇಕೆಂದಾಗ ಕಾರು ನಿಲ್ಲಿಸಬಲ್ಲ ಹಾಗೆ ಕೂತಿರಬೇಕು. ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಎಲ್ ಅಕ್ಷರ ಇರಬೇಕು. ಅದರ ಬಿಳಿ ಚೌಕ 18 ಸೆಂಟಿಮೀಟರಿಗೆ ಕಡಿಮೆ ಇರಬಾರದು, ಅಕ್ಷರ 10 ಸೆಂಟಿಮೀಟರ್ ಎತ್ತರ ಇರಬೇಕು. ಮಗಳನ್ನು ಒಬ್ಬಳೇ ಬಿಟ್ಟು ಅಪ್ಪ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದರೆ ಈ ಷರತ್ತು ಮುರಿದಂತೆ. ಮೂವತ್ತು ರೂಪಾಯಿಯ ಸ್ಟಿಕರ್ ಅಂಟಿಸದೆ ರಸ್ತೆಗೆ ಇಳಿದು ಏನಾದರೂ ಆದರೆ, ಕಂಪನಿಗೆ ಕ್ಲೇಮ್ ತಳ್ಳಿಹಾಕಲು ಕಾರಣ ಕೈಯಾರೆ ಕೊಟ್ಟಂತೆ.

ಎಲ್ಲ ಸರಿ ಇದ್ದರೂ ಸಣ್ಣ ಗೀರಿಗೆ ಕ್ಲೇಮ್ ಮಾಡುವುದು ಗಿಟ್ಟುವುದಿಲ್ಲ. 1500 ಸಿಸಿವರೆಗಿನ ಕಾರಿನಲ್ಲಿ ಪ್ರತಿ ಕ್ಲೇಮಿಗೆ ಮೊದಲ 1,000 ರೂಪಾಯಿ ಮಾಲೀಕರೇ ಹಾಕಬೇಕು. ಅದಕ್ಕಿಂತ ದೊಡ್ಡ ನಷ್ಟ ನೋ ಕ್ಲೇಮ್ ಬೋನಸ್ಸಿನದು. ಐದು ವರ್ಷ ಕ್ಲೇಮ್ ಇಲ್ಲದೆ ಕಾಪಾಡಿಕೊಂಡ ಬೋನಸ್ 50 ಶೇಕಡಾ ತನಕ ಇರುತ್ತದೆ. ಅಪ್ಪ ಅಷ್ಟು ಬೋನಸ್ ಗಳಿಸಿದ್ದರೆ, 3,000ದ ಪೇಂಟಿಂಗಿಗಾಗಿ ಒಂದು ಕ್ಲೇಮ್ ಮಾಡಿದೊಡನೆ ಮುಂದಿನ ವರ್ಷ ಅದು ಶೂನ್ಯಕ್ಕೆ ಇಳಿಯುತ್ತದೆ. ಸಣ್ಣಪುಟ್ಟದ್ದಕ್ಕೆ ಕೈಯಿಂದಲೇ ಕೊಟ್ಟು, ದೊಡ್ಡ ಪೆಟ್ಟಿಗೆ ಪಾಲಿಸಿ ಎತ್ತಿಡುವುದು ಸರಿಯಾದ ದಾರಿ.

ಪರೀಕ್ಷೆಯ ದಿನ

ಎಲ್‌ಎಲ್‌ಆರ್ ಸಿಕ್ಕ 30 ದಿನದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಆರ್ ಬಾಳಿಕೆ ಆರು ತಿಂಗಳು. ಪರೀಕ್ಷೆಗೆ ಕಾರು ನಾವೇ ಒಯ್ಯಬೇಕು. ಸ್ಕೂಲಿನ ಕಾರು ಬೇಕಿದ್ದರೆ ಅದಕ್ಕೆ ಬಾಡಿಗೆ ಕೇಳುತ್ತಾರೆ, 800 ರೂಪಾಯಿ ಹಾಕಿಕೊಳ್ಳೋಣ. ಮನೆಯ ಕಾರನ್ನೇ ಒಯ್ದರೆ ಈ ಹಣ ಉಳಿಯುತ್ತದೆ. ಆದರೆ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಮೂರೂ ಚಾಲ್ತಿಯಲ್ಲಿರಲಿ. ಟ್ರ್ಯಾಕಿನಲ್ಲಿ ರಿವರ್ಸ್ ಮಾಡಬೇಕಾಗುವುದರಿಂದ, 16 ಗಂಟೆ ಯಾವ ಕಾರಿನಲ್ಲಿ ಪಳಗಿದ್ದಾರೋ ಆ ಕಾರನ್ನೇ ಒಯ್ಯುವುದು ದುಡ್ಡಿಗಿಂತ ಕೈಗೆ ಅನುಕೂಲ.

ಫೇಲಾದರೆ ಏಳು ದಿನದ ಮೇಲೆ ಮತ್ತೆ ಹೋಗಬಹುದು, ಶುಲ್ಕ ಮತ್ತೆ 300. ಮೂರು ಸಲವೂ ಫೇಲಾದರೆ 60 ದಿನ ಕಾಯಬೇಕು. ಈ 300ಕ್ಕಿಂತ ಹೆಚ್ಚು ಹೊಡೆತ ಕೊಡುವುದು ಮತ್ತೊಮ್ಮೆ ಕೊಡಬೇಕಾದ ಕಾರು ಬಾಡಿಗೆ ಮತ್ತು ಮತ್ತೊಂದು ದಿನದ ರಜೆ. 30ನೇ ದಿನಕ್ಕೇ ಸ್ಲಾಟ್ ಹಿಡಿದು ಅರೆಬರೆ ಕಲಿತು ಹೋಗುವುದಕ್ಕಿಂತ, ಮೂರನೇ ತಿಂಗಳಿಗೆ ಹಿಡಿಯುವುದು ಅಗ್ಗ. ಫೇಲಾದರೂ ಎಲ್‌ಎಲ್‌ಆರ್ ಮುಗಿಯಲು ಸಾಕಷ್ಟು ಕಾಲಾವಕಾಶ ಉಳಿದಿರುತ್ತದೆ.

ಕೂಡಿಸಿದರೆ

ಎಲ್‌ಎಲ್‌ಆರ್ ಮತ್ತು ಡಿಎಲ್ ಶುಲ್ಕ: 900
ಸೈಬರ್, ಜೆರಾಕ್ಸ್, ಸ್ಟಿಕರ್: 200
ಡ್ರೈವಿಂಗ್ ಸ್ಕೂಲ್, 10 ಗಂಟೆ: 7,000
ಅಭ್ಯಾಸದ ಪೆಟ್ರೋಲ್, 16 ಗಂಟೆ: 2,500
ಪರೀಕ್ಷೆಯ ದಿನದ ಕಾರು: 800
ಒಂದು ಗೀರಿಗೆ: 3,000
ಒಟ್ಟು: 14,400 ರೂಪಾಯಿ

ಗೀರು ಬೀಳದಿದ್ದರೆ, ಪರೀಕ್ಷೆಗೆ ಮನೆಯ ಕಾರನ್ನೇ ಒಯ್ದರೆ ಇದು 10,600ಕ್ಕೆ ಇಳಿಯುತ್ತದೆ. ಒಂದು ಸಲ ಫೇಲಾಗಿ ಮತ್ತೆ ಬಾಡಿಗೆ ಕಾರಿನಲ್ಲಿ ಹೋದರೆ 15,500.

ಮನೆಯಲ್ಲಿ ಕಾರಿಲ್ಲದವರ ಪಾಡು ಬೇರೆ. ಅವರಿಗೆ ಪೆಟ್ರೋಲ್ ಖರ್ಚಿಲ್ಲ, ಗೀರಿನ ಭಯವೂ ಇಲ್ಲ, ಆದರೆ ಅಭ್ಯಾಸದ ಪ್ರತಿ ಗಂಟೆಯನ್ನೂ ಸ್ಕೂಲಿನಿಂದ 700ಕ್ಕೆ ಕೊಳ್ಳಬೇಕು. ಅದೇ 16 ಗಂಟೆಗೆ 11,200 ಆಗಿ ಒಟ್ಟು ಖರ್ಚು 20,100ಕ್ಕೆ ಹೋಗುತ್ತದೆ. 8 ಗಂಟೆಗೆ ನಿಲ್ಲಿಸಿದರೆ 14,500. ಮನೆಯಲ್ಲಿ ಕಾರಿರುವವರು 16 ಗಂಟೆ ಅಭ್ಯಾಸ ಮಾಡುವಷ್ಟೇ ದುಡ್ಡಿಗೆ ಇವರಿಗೆ ಸಿಗುವುದು ಅದರ ಅರ್ಧ. ಕಾರು ಕೊಳ್ಳುವುದು ಇನ್ನೂ ವರ್ಷದ ಮಾತು ಎನ್ನುವವರು ಡಿಎಲ್ ಮಾಡಿಸಿಕೊಂಡು ಹೆಚ್ಚಿನ ಗಂಟೆಗಳನ್ನು ಕಾರು ಬರುವ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ. ಈಗ ಕೊಂಡ ಗಂಟೆಗಳು ವರ್ಷದ ಹೊತ್ತಿಗೆ ಕಾಲಿಗೆ ಮರೆತೇ ಹೋಗಿರುತ್ತವೆ.

ಹದಿನಾರು ಗಂಟೆ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಪೆಟ್ರೋಲ್ ಬಿಲ್ಲೇ ಉಪಯೋಗಕ್ಕೆ ಬರುತ್ತದೆ. ಅಭ್ಯಾಸ ಶುರು ಮಾಡುವ ದಿನ ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಅಂಕಿ ಬರೆದುಕೊಳ್ಳಿ. ರಸ್ತೆಯಲ್ಲಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಈಗ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ಅದೇ ರಸ್ತೆಯಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಇನ್ನೊಂದು ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಳೆಯಿರಿ. ಅಪ್ಪನ ಕೈಯಲ್ಲಿ ಆ ಕಾರು ಅಲ್ಲಿ 15 ಕೊಡುತ್ತಿದ್ದು, ಮಗಳದ್ದು 10ರಿಂದ 13ಕ್ಕೆ ಬಂದಿದ್ದರೆ ಹಾಫ್ ಕ್ಲಚ್ ಬಿಟ್ಟುಹೋಗುತ್ತಿದೆ, ಗೇರ್ ಸರಿಯಾದ ಹೊತ್ತಿಗೆ ಬೀಳುತ್ತಿದೆ ಎಂದರ್ಥ. ಸ್ಲಾಟ್ ಹಿಡಿಯಬಹುದು. ಇನ್ನೂ 10ರಲ್ಲೇ ನಿಂತಿದ್ದರೆ ಸ್ಲಾಟಿನ ದುಡ್ಡು ಕಟ್ಟುವ ಮೊದಲು ಇನ್ನೊಂದು ಐದು ಲೀಟರ್ ಪೆಟ್ರೋಲ್ ಹಾಕಿಸುವುದೇ ಕಡಿಮೆ ಖರ್ಚಿನ ದಾರಿ.